ಹೊಸ ವರ್ಷದ ಶುಭಾಶಯದಲ್ಲಿ ರಿಟರ್ನ್ ದಿನಾಂಕ ನೆನಪಿಸೋದು ಹೇಗೆ: ಸಣ್ಣ ಸಿಎ ಆಫೀಸುಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಜನವರಿ 1ರ ಬೆಳಗ್ಗೆ ಎಲ್ಲ ಕ್ಲೈಂಟುಗಳಿಗೂ ಒಂದು ಮೆಸೇಜ್ ಹೋಗುತ್ತದೆ. ಮೇಲೆ ಶುಭಾಶಯ, ಕೆಳಗೆ ಹದಿನೈದು ದಿನಾಂಕಗಳ ಪಟ್ಟಿ. ಮಧ್ಯಾಹ್ನದ ಹೊತ್ತಿಗೆ ಕೈಮುಗಿದ ಚಿತ್ರ, ಹೂವಿನ ಚಿತ್ರ, "ಸೇಮ್ ಟು ಯೂ ಸರ್" ಎಲ್ಲ ಬಂದು ಬೀಳುತ್ತವೆ. ಆಮೇಲೆ 11ನೇ ತಾರೀಖು ಸಂಜೆ ಏಳಕ್ಕೆ ಬಿಲ್ ಕಟ್ಟು ಹಿಡಿದು ಅದೇ ಕ್ಲೈಂಟ್ ಬಾಗಿಲಲ್ಲಿ ನಿಂತಿರುತ್ತಾರೆ. "ನೀವು ಹೇಳಲೇ ಇಲ್ಲ ನೋಡ್ರಿ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ನಾವು ಬರೆದಿದ್ದೆವು, ಅವರು ಅಲ್ಲಿವರೆಗೆ ಓದಿರಲಿಲ್ಲ, ಅಷ್ಟೇ.

ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಹೊಸದಾಗಿ ಆಫೀಸ್ ತೆಗೆದ ಗೆಳೆಯರು ಪ್ರತಿ ಡಿಸೆಂಬರ್‌ನಲ್ಲಿ ಇದನ್ನೇ ಕೇಳುತ್ತಾರೆ: "ಚೆಂದಾಗಿ ಒಂದು ನೋಟ್ ಬರೆದುಕೊಡಿ." ಬರೆಯೋದು ಹತ್ತು ನಿಮಿಷದ ಕೆಲಸ. ತಪ್ಪುತ್ತಿರೋದು ಅದಕ್ಕೆ ಮುಂಚಿನ ವಿಂಗಡಣೆಯಲ್ಲಿ. ಹಾಗಾಗಿ ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. ನಾಲ್ಕನೇ ಹಂತದಿಂದ ಶುರು ಮಾಡಿದರೆ ಮತ್ತೆ ಹಳೇ ಮೆಸೇಜೇ ಹೊರಬರುತ್ತದೆ.

## ಮೊದಲು ಕೈಗೆ ಬೇಕಾದದ್ದು

ಕ್ಲೈಂಟುಗಳ ಪಟ್ಟಿ ಇರುವ ಒಂದು ಎಕ್ಸೆಲ್ ಶೀಟ್ ಬೇಕು. ಅದರಲ್ಲಿ ಹೆಸರು, ಫೋನ್ ನಂಬರ್ ಪಕ್ಕ ಇನ್ನೂ ಮೂರು ಕಾಲಮ್ ಸೇರಿಸಿ: ಜಿಎಸ್‌ಟಿ ತಿಂಗಳಿಗೋ, ಮೂರು ತಿಂಗಳಿಗೋ, ಕಾಂಪೊಸಿಶನ್ನೋ, ಟಿಡಿಎಸ್ ಕಡಿತ ಇದೆಯೋ ಇಲ್ಲವೋ, ಅಡ್ವಾನ್ಸ್ ಟ್ಯಾಕ್ಸ್ ಕಟ್ಟುವವರೋ ಅಲ್ಲವೋ. ಕೊನೆಗೆ ಒಂದು ಖಾಲಿ ಕಾಲಮ್ ಬಿಡಿ. ಅದಕ್ಕೆ ನಾಲ್ಕನೇ ಹಂತದಲ್ಲಿ ಕೆಲಸವಿದೆ.

ಕನ್ನಡ ಟೈಪ್ ಮಾಡೋದು ಫೋನಿನ ಕೀಬೋರ್ಡ್‌ನಲ್ಲೋ ಯೂನಿಕೋಡ್‌ನಲ್ಲೋ ಇರಲಿ. ಆಫೀಸ್ ಕಂಪ್ಯೂಟರಿನಲ್ಲಿ ಹಳೇ ನುಡಿ ಫಾಂಟ್‌ನಲ್ಲಿ ಬರೆದು ವಾಟ್ಸಾಪ್‌ಗೆ ಅಂಟಿಸಿದರೆ ಆ ಕಡೆಯವರಿಗೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣುತ್ತದೆ. ನಿಮ್ಮ ಪರದೆಯ ಮೇಲೆ ಸರಿ ಕಂಡಿತು ಅಂತ ನಂಬಬೇಡಿ. ಮೊದಲು ಮನೆಯವರ ಫೋನಿಗೆ ಒಂದು ಕಳಿಸಿ ನೋಡಿ.

## ಹಂತ 1: ಯಾರಿಗೆ ಯಾವ ದಿನಾಂಕ, ವಿಂಗಡಿಸಿ

ಒಬ್ಬ ಕ್ಲೈಂಟ್‌ಗೆ ಹೋಗುವ ನೋಟ್‌ನಲ್ಲಿ ಅವರಿಗೆ ಸಂಬಂಧಪಟ್ಟ ದಿನಾಂಕ ಮಾತ್ರ ಇರಬೇಕು. ಎರಡು ಇದ್ದರೆ ಚೆನ್ನ, ಮೂರು ದಾಟಬಾರದು. ಪಟ್ಟಿಯಲ್ಲಿ ಮೊದಲ ನಾಲ್ಕು ಸಾಲು ತನಗೆ ಸಂಬಂಧವಿಲ್ಲ ಅಂತ ಕಂಡರೆ ಐದನೇ ಸಾಲನ್ನು ಯಾರೂ ಓದುವುದಿಲ್ಲ. ಅಲ್ಲಿಗೆ ನೋಟ್ ಸತ್ತ ಹಾಗೆ.

ನಮ್ಮ ಕಡೆಯ ಸಾಮಾನ್ಯ ಆಫೀಸಿನಲ್ಲಿ ಗುಂಪುಗಳು ಸುಮಾರು ಹೀಗೆ ಬೀಳುತ್ತವೆ.

ಅಮರಗೋಳದ ಎಪಿಎಂಸಿ ವರ್ತಕರು, ಹಾರ್ಡ್‌ವೇರ್ ಹೋಲ್‌ಸೇಲ್‌ನವರು ಹೆಚ್ಚಾಗಿ ತಿಂಗಳ ರಿಟರ್ನ್‌ನವರು. ಅವರಿಗೆ ಡಿಸೆಂಬರ್ ಮಾರಾಟದ ವಿವರ, ಅಂದರೆ ಜಿಎಸ್‌ಟಿಆರ್-1, ಜನವರಿ 11ಕ್ಕೆ. ತೆರಿಗೆ ಕಟ್ಟಿ ಹಾಕುವ ಜಿಎಸ್‌ಟಿಆರ್-3ಬಿ 20ಕ್ಕೆ.

ವರ್ಷಕ್ಕೆ 5 ಕೋಟಿಯೊಳಗೆ ವಹಿವಾಟು ಇದ್ದು ಮೂರು ತಿಂಗಳಿಗೊಮ್ಮೆ ರಿಟರ್ನ್ ಆರಿಸಿಕೊಂಡವರು ಎರಡನೇ ಗುಂಪು. ಗದಗಿನ ಪ್ರಿಂಟಿಂಗ್ ಪ್ರೆಸ್‌ಗಳು, ಬೆಟಗೇರಿಯ ಸೀರೆ ವ್ಯಾಪಾರಿಗಳಲ್ಲಿ ಇಂಥವರು ಸಿಗುತ್ತಾರೆ. ಅವರಿಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಜಿಎಸ್‌ಟಿಆರ್-1 ಜನವರಿ 13ಕ್ಕೆ, 3ಬಿ ಜನವರಿ 22ಕ್ಕೆ.

ಕಾಂಪೊಸಿಶನ್‌ನಲ್ಲಿರುವ ಖಾನಾವಳಿ, ಸಣ್ಣ ಕಿರಾಣಿ ಅಂಗಡಿಯವರಿಗೆ ಒಂದೇ ದಿನಾಂಕ: ಮೂರು ತಿಂಗಳ ತೆರಿಗೆಯ ಸಿಎಂಪಿ-08, ಜನವರಿ 18. ಇವರಿಂದ ಬಿಲ್ ಕಟ್ಟು ಕೇಳಬೇಡಿ, ಮೂರು ತಿಂಗಳ ಮಾರಾಟದ ಮೊತ್ತ ಕೇಳಿ. ಬಿಲ್ ಎಲ್ಲ ತನ್ನಿ ಅಂದರೆ ಅದನ್ನು ಹುಡುಕುವುದರಲ್ಲೇ ಅವರ 18 ಕಳೆದುಹೋಗುತ್ತದೆ.

ಸಂಬಳ, ಬಾಡಿಗೆ, ಕಾಂಟ್ರಾಕ್ಟ್ ಮೇಲೆ ಟಿಡಿಎಸ್ ಹಿಡಿಯುವವರಿಗೆ ಡಿಸೆಂಬರ್‌ನಲ್ಲಿ ಹಿಡಿದ ಹಣ ಕಟ್ಟಲು ಜನವರಿ 7, ಮೂರು ತಿಂಗಳ ಟಿಡಿಎಸ್ ರಿಟರ್ನ್‌ಗೆ ಜನವರಿ 31. ಈ ಗುಂಪಿನವರು ಸಾಮಾನ್ಯವಾಗಿ ಮೊದಲ ಗುಂಪಿನಲ್ಲೂ ಇರುತ್ತಾರೆ. ಆಗ ನಾಲ್ಕು ದಿನಾಂಕ ಆಯಿತು. ಶುಭಾಶಯದಲ್ಲಿ 7 ಮತ್ತು 11 ಮಾತ್ರ ಬರೆಯಿರಿ. 20 ಮತ್ತು 31ನ್ನು ಸಂಕ್ರಾಂತಿ ಆದಮೇಲೆ ಒಂದು ಸಾಲಿನ ಮೆಸೇಜ್‌ನಲ್ಲಿ ಹೇಳಿದರಾಯಿತು.

ಕೊನೆಯ ಗುಂಪನ್ನು ಬಹಳ ಜನ ಮರೆಯುತ್ತಾರೆ. ಧಾರವಾಡದಲ್ಲಿ ಪ್ರಾಕ್ಟೀಸ್ ಇದ್ದರೆ ನಿಮ್ಮ ಪಟ್ಟಿಯಲ್ಲಿ ನಿವೃತ್ತ ಮೇಷ್ಟ್ರು, ಪ್ರೊಫೆಸರು ಬೇಕಾದಷ್ಟು ಇರುತ್ತಾರೆ. ಪಿಂಚಣಿ, ಬ್ಯಾಂಕ್ ಬಡ್ಡಿ ಬಿಟ್ಟರೆ ಬೇರೆ ಆದಾಯ ಇಲ್ಲ. 60 ದಾಟಿ, ವ್ಯಾಪಾರ ಅಥವಾ ವೃತ್ತಿಯ ಆದಾಯ ಇಲ್ಲದವರು ಅಡ್ವಾನ್ಸ್ ಟ್ಯಾಕ್ಸ್ ಕಟ್ಟಬೇಕಿಲ್ಲ. ಅವರಿಗೆ ಜನವರಿಯಲ್ಲಿ ಯಾವ ದಿನಾಂಕವೂ ಇಲ್ಲ. ಬರೀ ಶುಭಾಶಯ ಕಳಿಸಿ. "11, 20, 31" ಅಂತ ಬರೆದರೆ ರಾತ್ರಿ ನಿದ್ದೆಗೆಟ್ಟು ಬೆಳಗ್ಗೆ ಏಳಕ್ಕೆ ಫೋನ್ ಮಾಡುವವರು ಇವರೇ.

## ಹಂತ 2: ದಿನಾಂಕವನ್ನು ಪೋರ್ಟಲ್‌ನಲ್ಲೇ ನೋಡಿ

ಹೋದ ವರ್ಷದ ನೋಟ್ ತೆಗೆದು ವರ್ಷ ಮಾತ್ರ ಬದಲಾಯಿಸುವುದು ಎಲ್ಲರ ಅಭ್ಯಾಸ. ಹಾಗೆ ಮಾಡಿದಾಗ ವಾರದ ಹೆಸರು ಹಳೆಯದೇ ಉಳಿಯುತ್ತದೆ. "ಜನವರಿ 13, ಮಂಗಳವಾರ" ಅಂತ ಇದ್ದು ಆ ವರ್ಷ 13 ಬುಧವಾರ ಬಿದ್ದಿದ್ದರೆ ಕ್ಲೈಂಟ್ ವಾರ ನಂಬುತ್ತಾರೋ ತಾರೀಖು ನಂಬುತ್ತಾರೋ ಹೇಳೋಕಾಗಲ್ಲ. ವಾರ ಬರೆಯಲೇಬೇಕು ಅಂದರೆ ಕ್ಯಾಲೆಂಡರ್ ನೋಡಿ ಬರೆಯಿರಿ.

ಇನ್ನೊಂದು ತಪ್ಪು ಫಾರ್ವರ್ಡ್ ಮೆಸೇಜ್‌ನಿಂದ ಬರುತ್ತದೆ. ಮೂರು ತಿಂಗಳಿಗೊಮ್ಮೆ ಹಾಕುವ 3ಬಿಗೆ ದೇಶವನ್ನು ಎರಡು ಭಾಗ ಮಾಡಿದ್ದಾರೆ. ಕರ್ನಾಟಕ, ಮಹಾರಾಷ್ಟ್ರ, ಗೋವಾ, ಆಂಧ್ರ ಇರುವ ಭಾಗಕ್ಕೆ 22. ದೆಹಲಿ, ಉತ್ತರ ಪ್ರದೇಶ, ರಾಜಸ್ಥಾನ ಇರುವ ಭಾಗಕ್ಕೆ 24. ದೆಹಲಿ ಕಡೆ ತಯಾರಾದ ಬಣ್ಣಬಣ್ಣದ ಕ್ಯಾಲೆಂಡರ್ ಚಿತ್ರ ಹುಬ್ಬಳ್ಳಿಯ ಗುಂಪುಗಳಿಗೆ ಬಂದಾಗ ಆ 24 ಜೊತೆಗೆ ಬರುತ್ತದೆ. ನಮ್ಮ ಕ್ಲೈಂಟ್ ಅದನ್ನು ನಂಬಿದರೆ ಎರಡು ದಿನದ ಲೇಟ್ ಫೀ, ಜೊತೆಗೆ ಕಟ್ಟಬೇಕಾದ ತೆರಿಗೆಗೆ ಬಡ್ಡಿ.

ನೋಟ್ ಕಳಿಸುವ ದಿನ ಬೆಳಗ್ಗೆ ಜಿಎಸ್‌ಟಿ ಪೋರ್ಟಲ್‌ನ ಸುದ್ದಿ ವಿಭಾಗ, ಆದಾಯ ತೆರಿಗೆ ಪೋರ್ಟಲ್‌ನ ಮೊದಲ ಪುಟ ಎರಡನ್ನೂ ಒಮ್ಮೆ ತೆರೆದು ನೋಡಿ. ದಿನಾಂಕ ಮುಂದಕ್ಕೆ ಹೋಗಿದ್ದರೆ ಅಲ್ಲಿರುತ್ತದೆ. "ಮುಂದಕ್ಕೆ ಹೋಗಬಹುದು" ಅನ್ನುವ ಮಾತು ನೋಟ್‌ನಲ್ಲಿ ಬೇಡವೇ ಬೇಡ. ಅದನ್ನು ಓದಿದವರಿಗೆ "ಹೋಗಬಹುದು" ಅನ್ನುವುದು "ಹೋಗಿದೆ" ಅಂತಲೇ ಕೇಳಿಸುತ್ತದೆ.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಅಸೆಸ್ಮೆಂಟ್ ವರ್ಷದ ಬದಲು ತೆರಿಗೆ ವರ್ಷ ಅನ್ನುತ್ತಾರೆ. ಕ್ಲೈಂಟ್‌ಗೆ ಎರಡೂ ಬೇಡ. "ಹೋದ ಏಪ್ರಿಲ್‌ನಿಂದ ಈ ಮಾರ್ಚ್‌ವರೆಗಿನ ಆದಾಯ" ಅಂದರೆ ಸಾಕು.

## ಹಂತ 3: ಕಾಗದ ನಿಮ್ಮ ಕೈಗೆ ಬರಬೇಕಾದ ದಿನ ತೀರ್ಮಾನಿಸಿ

ಕಾನೂನಿನ ಕೊನೇ ದಿನಾಂಕ ಕ್ಲೈಂಟ್‌ಗೆ ಬೇಕಾದದ್ದೇ ಅಲ್ಲ. ಅದು ನಿಮಗೆ ಬೇಕಾದದ್ದು. ಕ್ಲೈಂಟ್ ತಿಳಿಯಬೇಕಾದದ್ದು ತಾನು ಬಿಲ್ ಯಾವಾಗ ಕೊಡಬೇಕು ಅಂತ. "ಜನವರಿ 13 ಕೊನೇ ದಿನ" ಅಂತ ಬರೆದರೆ 13ಕ್ಕೆ ಕೊಡುತ್ತಾರೆ. ತಪ್ಪು ಅವರದಲ್ಲ, ನಾವು ಕೇಳಿದ್ದೇ ಹಾಗೆ.

ಈ 13ಕ್ಕೆ ನಮ್ಮ ಕಡೆ ಇನ್ನೊಂದು ತೊಡಕಿದೆ. ಅದರ ಮರುದಿನ ಅಥವಾ ಅದರ ಆಚೆ ದಿನ ಸಂಕ್ರಾಂತಿ. ಬೋಗಿ, ಕುಸುರೆಳ್ಳು, ಸಜ್ಜಿ ರೊಟ್ಟಿ ಕಟ್ಟಿಕೊಂಡು ಹೊಳಿಗೆ ಹೋಗುವ ಗಡಿಬಿಡಿ. ನಿಮ್ಮ ಆಫೀಸಿನ ಹುಡುಗರು 12ರ ಸಂಜೆಯೇ ಬಸ್ ಹತ್ತಿರುತ್ತಾರೆ. ಬ್ಯಾಡಗಿ ಕಡೆ ಮೆಣಸಿನಕಾಯಿ ವರ್ತಕರಿಗೆ ಜನವರಿಯಿಂದಲೇ ಆವಕ ಏರುವ ಕಾಲ, ಟೆಂಡರ್ ದಿನ ಫೋನ್ ಎತ್ತುವುದಿಲ್ಲ. ಇದನ್ನೆಲ್ಲ ಲೆಕ್ಕ ಹಾಕಿ ಹಿಂದಕ್ಕೆ ಎಣಿಸಿ.

ತಿಂಗಳ ರಿಟರ್ನ್‌ನವರಿಂದ 5ರೊಳಗೆ, ಮೂರು ತಿಂಗಳಿನವರಿಂದ 6ರೊಳಗೆ ಬಿಲ್ ಬಂದರೆ ಎಂಟ್ರಿ ಮಾಡಿ, ತಪ್ಪಿದ್ದನ್ನು ಕೇಳಿ, ತಿದ್ದಲು ಸಮಯ ಸಿಗುತ್ತದೆ. ಬಿಲ್ ಕಟ್ಟು ದೊಡ್ಡದಿದ್ದು ಆಫೀಸಿನಲ್ಲಿ ಒಬ್ಬರೇ ಇದ್ದರೆ ಇನ್ನೊಂದೆರಡು ದಿನ ಹಿಂದಕ್ಕೆ ಹೋಗಿ. ಆದರೆ ಜನವರಿ 2 ಅಂತ ಬರೆಯಬೇಡಿ. ಹೊಸ ವರ್ಷದ ಮರುದಿನವೇ ಕೇಳಿದರೆ ಶುಭಾಶಯ ಬರೀ ನೆಪ ಅಂತ ಗೊತ್ತಾಗಿಬಿಡುತ್ತದೆ.

## ಹಂತ 4: ಈಗ ಬರೆಯಿರಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟವರು. ಮೂರು ತಿಂಗಳ ರಿಟರ್ನ್. ಬೀಜದ ಕಂಪನಿಯೊಂದಕ್ಕೆ ಪ್ಯಾಕೆಟ್ ಲೇಬಲ್ ಹೊಡೆದುಕೊಡುತ್ತಾರೆ, ಅದೇ ಅವರ ದೊಡ್ಡ ಗಿರಾಕಿ. ಸಾಮಾನ್ಯವಾಗಿ ಅವರಿಗೆ ಹೋಗುವ ನೋಟ್ ಹೀಗಿರುತ್ತದೆ:

> ಆತ್ಮೀಯ ಗ್ರಾಹಕರೇ, ತಮಗೂ ತಮ್ಮ ಕುಟುಂಬ ವರ್ಗದವರಿಗೂ ನೂತನ ವರ್ಷದ ಹಾರ್ದಿಕ ಶುಭಾಶಯಗಳು. ಈ ಕೆಳಕಂಡ ದಿನಾಂಕಗಳೊಳಗೆ ವಿವರಗಳನ್ನು ಸಲ್ಲಿಸಲು ಕೋರಲಾಗಿದೆ. ತಪ್ಪಿದಲ್ಲಿ ದಿನವೊಂದಕ್ಕೆ ರೂ. 50 ದಂಡ ವಿಧಿಸಲಾಗುವುದು.

ಇದು ಇಲಾಖೆಯ ನೋಟಿಸ್ ಥರ ಇದೆ. ಶುಭಾಶಯ ಯಾರಿಗೆ ಬೇಕಾದರೂ ಹೋಗಬಹುದಾದ್ದು. "ವಿವರಗಳು" ಅಂದರೆ ಏನು ತರಬೇಕು ಅಂತ ಗೊತ್ತಾಗುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಆ 50 ರೂಪಾಯಿ. ಹೆದರಿಸಲು ಬರೆದದ್ದು, ಆದರೆ ಓದುವ ವ್ಯಾಪಾರಿ ಮನಸ್ಸಿನಲ್ಲೇ ಗುಣಿಸುತ್ತಾರೆ: ನಾಲ್ಕು ದಿನ ತಡವಾದರೆ ಇನ್ನೂರು. ಪ್ರೆಸ್ ನಿಲ್ಲಿಸಿ ಬರುವುದಕ್ಕಿಂತ ಅದೇ ಅಗ್ಗ. ನೀವು ಹೆದರಿಸಲಿಲ್ಲ, ತಡ ಮಾಡಲು ರೇಟ್ ಹೇಳಿಕೊಟ್ಟಿರಿ.

ನಿಜವಾಗಿ ಅವರಿಗೆ ತಾಗುವ ನಷ್ಟ ಬೇರೆ. ಅವರ ಜಿಎಸ್‌ಟಿಆರ್-1 ಜನವರಿ 13ರೊಳಗೆ ಹೋದರೆ 14ಕ್ಕೆ ತಯಾರಾಗುವ ಜಿಎಸ್‌ಟಿಆರ್-2ಬಿಯಲ್ಲಿ ಬೀಜದ ಕಂಪನಿಗೆ ಆ ಬಿಲ್‌ಗಳು ಕಾಣುತ್ತವೆ. 13 ದಾಟಿ ಹೋದರೆ ಫೆಬ್ರವರಿ 14ರ 2ಬಿಯವರೆಗೆ ಕಾಣುವುದಿಲ್ಲ. ಕಂಪನಿಗೆ ಆ ತೆರಿಗೆಯ ಕ್ರೆಡಿಟ್ ಒಂದು ತಿಂಗಳು ಮುಂದೆ ಹೋಯಿತು. ಕಂಪನಿಯ ಅಕೌಂಟ್ಸ್‌ನವರು ಪ್ರೆಸ್‌ಗೆ ಕೊಡಬೇಕಾದ ಹಣವನ್ನು ಅಷ್ಟರಮಟ್ಟಿಗೆ ಹಿಡಿದಿಡುತ್ತಾರೆ. 2 ಲಕ್ಷದ ಕೆಲಸಕ್ಕೆ 18 ಪರ್ಸೆಂಟ್ ತೆರಿಗೆ ಇದ್ದರೆ ಹಿಡಿದಿಡುವುದು 36,000. ಇನ್ನೂರು ರೂಪಾಯಿ ಎಲ್ಲಿ, ಇದೆಲ್ಲಿ. ಹಾಗಾಗಿ ದಂಡದ ಮಾತು ತೆಗೆದು ಗಿರಾಕಿಯ ಮಾತು ಹಾಕಿ:

> ನಮಸ್ಕಾರ ಸರ್. ಹೊಸ ವರ್ಷದ ಶುಭಾಶಯ, ಮನೆಯವರೆಲ್ಲರಿಗೂ. ಹೊಸ ಮಷೀನ್ ಚೆನ್ನಾಗಿ ಓಡಲಿ.
>
> ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಬಿಲ್ ಬುಕ್ ಮತ್ತು ಪೇಪರ್, ಇಂಕ್ ಖರೀದಿ ಬಿಲ್ \*ಜನವರಿ 6ರೊಳಗೆ\* ಹುಡುಗನ ಕೈಯಲ್ಲಿ ಕಳಿಸಿದರೆ ಸಾಕು. 13ರೊಳಗೆ ನಾವು ಹಾಕಿದರೆ ನಿಮ್ಮ ಬೀಜದ ಕಂಪನಿಯವರಿಗೆ ಕ್ರೆಡಿಟ್ ಸಮಯಕ್ಕೆ ಸಿಗುತ್ತದೆ. ತೆರಿಗೆ ಎಷ್ಟು ಅಂತ ಮುಂಚೆಯೇ ಹೇಳುತ್ತೇವೆ, \*22ರೊಳಗೆ\* ಕಟ್ಟಿದರಾಯಿತು.
>
> ಸಂಕ್ರಾಂತಿಗೆ ನೀವೂ ಆರಾಮ, ನಾವೂ ಆರಾಮ.

ಮೊದಲ ಎರಡು ವಾಕ್ಯ ಗಮನಿಸಿ. ಫೋನಿನ ಪರದೆಯ ಮೇಲೆ ತೆರೆಯುವ ಮುಂಚೆ ಕಾಣೋದು ಅಷ್ಟೇ. ಅಲ್ಲಿ ಶುಭಾಶಯ ಇರಲಿ, ತಾರೀಖು ಬೇಡ. "ಹೊಸ ಮಷೀನ್" ಅನ್ನುವುದೇ ಆ ಖಾಲಿ ಕಾಲಮ್‌ನ ಕೆಲಸ. ಪ್ರತಿ ಕ್ಲೈಂಟ್ ಹೆಸರಿನ ಮುಂದೆ ವರ್ಷವಿಡೀ ಒಂದೆರಡು ಪದ ಗುರುತು ಹಾಕಿಡಿ: ಮಗಳ ಪಿಯುಸಿ, ಹೊಸ ಅಂಗಡಿ, ತಾಯಿಯ ಆಪರೇಷನ್ ಆಗಿದೆ. ನೆನಪಿಲ್ಲದವರಿಗೆ ಏನೂ ಸೇರಿಸಬೇಡಿ, ಬರೀ ಶುಭಾಶಯ ಸಾಕು. ಊಹಿಸಿ ಬರೆಯುವುದು ಅಪಾಯ. ಹೋದ ತಿಂಗಳು ಮನೆಯಲ್ಲಿ ಸಾವಾದವರಿಗೆ "ಸಂಭ್ರಮ" ಅಂತ ಹೋದರೆ ಆ ಸಂಬಂಧ ಸರಿಮಾಡುವುದು ಕಷ್ಟ. ಸೂತಕದ ಮನೆಗೆ ಶುಭಾಶಯ ಬೇಡ, ಫೋನ್ ಮಾಡಿ ಮಾತಾಡಿ, ಕಾಗದದ ವಿಚಾರ ಮನೆಯ ಬೇರೆ ಒಬ್ಬರಿಗೆ ಹೇಳಿ.

ದಿನಾಂಕದ ಎರಡೂ ಬದಿಗೆ ನಕ್ಷತ್ರ ಚಿಹ್ನೆ ಹಾಕಿದರೆ ವಾಟ್ಸಾಪ್‌ನಲ್ಲಿ ದಪ್ಪ ಅಕ್ಷರ ಬರುತ್ತದೆ. ಅದನ್ನು ಎರಡು ಕಡೆ ಮಾತ್ರ ಬಳಸಿ. ಎಲ್ಲ ದಪ್ಪಗಾದರೆ ಯಾವುದೂ ಕಾಣುವುದಿಲ್ಲ.

ಬಾಕಿ ಫೀಸ್ ಈ ನೋಟ್‌ನಲ್ಲಿ ಕೇಳಬೇಡಿ. ಸಿಟ್ಟು ಬರುತ್ತದೆ ಅಂತಷ್ಟೇ ಅಲ್ಲ. ಫೀಸ್ ಬಾಕಿ ಇಟ್ಟವರು ಅದನ್ನು ಓದಿದ ಮೇಲೆ ಬಿಲ್ ಕೊಡಲೂ ಬರುವುದಿಲ್ಲ, ಮುಖ ತಪ್ಪಿಸುತ್ತಾರೆ. ತೆರಿಗೆ ಮೊತ್ತ, ಪ್ಯಾನ್ ನಂಬರ್, ಇಲಾಖೆಯ ನೋಟಿಸ್ ವಿಚಾರ, ಒತ್ತಬೇಕಾದ ಲಿಂಕ್ ಯಾವುದೂ ಬೇಡ. "ರಿಫಂಡ್ ಬಂದಿದೆ, ಒತ್ತಿ" ಅನ್ನುವ ಮೋಸದ ಮೆಸೇಜ್ ನೋಡಿ ಜನ ಹೆದರಿದ್ದಾರೆ. ನಿಮ್ಮ ಲಿಂಕ್ ಕೂಡ ಅದೇ ಸಾಲಿಗೆ ಸೇರುತ್ತದೆ.

## ಹಂತ 5: ಮಾರ್ಚ್ 15ನ್ನು ಯಾರಿಗೆ ಈಗಲೇ ಹೇಳಬೇಕು

ಜನವರಿಯ ನೋಟ್‌ನಲ್ಲಿ ಮಾರ್ಚ್ ಮಾತು ಸಾಮಾನ್ಯವಾಗಿ ಬೇಡ. ಒಂದು ಗುಂಪಿಗೆ ಮಾತ್ರ ಬೇಕು. ಹಾವೇರಿಯಲ್ಲಿ ಕ್ಲಿನಿಕ್ ಇಟ್ಟ ಡಾಕ್ಟರ್ ಒಬ್ಬರು ಅಂದುಕೊಳ್ಳಿ. ಪೂರ್ತಿ ಲೆಕ್ಕ ಇಡದೆ, ಬಂದ ಹಣದ ಅರ್ಧ ಅಥವಾ ಹೆಚ್ಚನ್ನು ಲಾಭ ಅಂತ ತೋರಿಸುವ ಅಂದಾಜು ಪದ್ಧತಿಯಲ್ಲಿದ್ದಾರೆ. ಉಳಿದವರು ಅಡ್ವಾನ್ಸ್ ಟ್ಯಾಕ್ಸನ್ನು ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ಅಂತ ನಾಲ್ಕು ಕಂತಿನಲ್ಲಿ ಕಟ್ಟುತ್ತಾರೆ. ಈ ಪದ್ಧತಿಯವರಿಗೆ ಒಂದೇ ಕಂತು, ಪೂರ್ತಿ, ಮಾರ್ಚ್ 15ಕ್ಕೆ. ಟಿಡಿಎಸ್ ಕಳೆದು ಕಟ್ಟಬೇಕಾದದ್ದು 10,000 ಅಥವಾ ಹೆಚ್ಚಿದ್ದರೆ ಇದು ಅನ್ವಯ.

ವರ್ಷವಿಡೀ ಯಾವ ಕಂತೂ ಇಲ್ಲದ್ದರಿಂದ ಇವರಿಗೆ ತೆರಿಗೆ ಅನ್ನುವುದೇ ರಿಟರ್ನ್ ಹಾಕುವ ಹೊತ್ತಿನ ಕೆಲಸ ಅನ್ನಿಸಿರುತ್ತದೆ. ಒಮ್ಮೆಲೇ ದೊಡ್ಡ ಮೊತ್ತ ಬೇಕಾಗುವುದರಿಂದ ಎರಡು ತಿಂಗಳು ಮುಂಚೆ ತಿಳಿದರೆ ಹಣ ಎತ್ತಿಡುತ್ತಾರೆ. ಮಾರ್ಚ್ 10ಕ್ಕೆ ಹೇಳಿದರೆ ಎಫ್‌ಡಿ ಮುರಿಯಬೇಕಾಗುತ್ತದೆ. ತಪ್ಪಿದರೆ ಕಂತಿನ ಬಡ್ಡಿ ಒಂದು ಪರ್ಸೆಂಟ್, ಮಾರ್ಚ್ 31ರೊಳಗೂ ಕಟ್ಟದಿದ್ದರೆ ಏಪ್ರಿಲ್‌ನಿಂದ ತಿಂಗಳಿಗೆ ಇನ್ನೊಂದು ಪರ್ಸೆಂಟ್ ಶುರು.

> ನಮಸ್ಕಾರ ಡಾಕ್ಟ್ರೇ. ಹೊಸ ವರ್ಷದ ಶುಭಾಶಯ. ಒಂದೇ ಒಂದು ನೆನಪು: ಹೋದ ಏಪ್ರಿಲ್‌ನಿಂದ ಬಂದ ಹಣದ ಬ್ಯಾಂಕ್ ಸ್ಟೇಟ್‌ಮೆಂಟ್ \*ಫೆಬ್ರವರಿ 20ರೊಳಗೆ\* ಕಳಿಸಿ. ಎಷ್ಟು ಎತ್ತಿಡಬೇಕು ಅಂತ ಆಗಲೇ ಹೇಳುತ್ತೇನೆ. ಕಟ್ಟೋದು ಮಾರ್ಚ್ 15ರೊಳಗೆ.

ಕ್ಲಿನಿಕ್ ಸಿಬ್ಬಂದಿಯ ಟಿಡಿಎಸ್, ಇನ್ನೊಂದು ಮತ್ತೊಂದು ಇದಕ್ಕೆ ಸೇರಿಸಬೇಡಿ. ಡಾಕ್ಟರಿಗೆ ಒಂದೇ ತಾರೀಖು.

## ಹಂತ 6: ಕಳಿಸುವುದು

ಎಲ್ಲ ಕ್ಲೈಂಟುಗಳನ್ನು ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿ ಹಾಕುವುದು ದೊಡ್ಡ ತಪ್ಪು. ಒಬ್ಬರ ನಂಬರ್ ಇನ್ನೊಬ್ಬರಿಗೆ ಸಿಗುತ್ತದೆ. ಎದುರುಬದುರು ಅಂಗಡಿಯವರಿಬ್ಬರೂ ನಿಮ್ಮ ಬಳಿಯೇ ಬರುತ್ತಾರೆ ಅಂತ ಇಬ್ಬರಿಗೂ ಗೊತ್ತಾಗುತ್ತದೆ. ಗುಂಪಿಗೊಂದು ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ. ಆದರೆ ಒಂದು ವಿಷಯ: ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ತಲುಪುತ್ತದೆ. ಆಫೀಸ್ ನಂಬರ್ ಬದಲಾಯಿಸಿದ ವರ್ಷ ಅರ್ಧ ಜನಕ್ಕೆ ಹೋಗದೇ ಇರುವುದು ಇದಕ್ಕೇ. ಕಳಿಸಿ ಒಂದು ದಿನದ ಮೇಲೆ ಆ ಮೆಸೇಜ್‌ನ ಮಾಹಿತಿ ತೆರೆದು ತಲುಪಿದವರ ಹೆಸರು ನೋಡಿ. ಇಲ್ಲದವರಿಗೆ ಒಬ್ಬೊಬ್ಬರಾಗಿ ಕಳಿಸಿ. ದೊಡ್ಡ ಕ್ಲೈಂಟುಗಳಿಗೆ, ಹೆಸರು ಹಿಡಿದು ಬರೆದವರಿಗೆ ಹೇಗೂ ಒಬ್ಬೊಬ್ಬರಿಗೇ ಹೋಗಬೇಕು.

ಕ್ಲೈಂಟ್ ಅಲ್ಲದವರಿಗೆ, ವ್ಯಾಪಾರಿಗಳ ಸಂಘದ ಗುಂಪಿಗೆ ಇದನ್ನು ಹಾಕಬೇಡಿ. ಸಿಎ ಅಂತ ಹೆಸರು ಹಾಕಿದ ಶುಭಾಶಯ ಕ್ಲೈಂಟ್, ನೆಂಟರು, ಹತ್ತಿರದ ಗೆಳೆಯರಿಗಷ್ಟೇ. ಅಪರಿಚಿತರಿಗೆ ಹೋದರೆ ಅದು ಕೆಲಸ ಕೇಳಿದ ಹಾಗೆ, ಇನ್‌ಸ್ಟಿಟ್ಯೂಟ್‌ನ ನೀತಿ ಸಂಹಿತೆಯ ತಂಟೆ ಬರುತ್ತದೆ.

ಹೊತ್ತು ಕೂಡ ನೋಡಿ. ರಾತ್ರಿ ಹನ್ನೆರಡಕ್ಕೆ ಕಳಿಸಿದ್ದು ನೂರು ಶುಭಾಶಯಗಳ ಕೆಳಗೆ ಹೂತುಹೋಗುತ್ತದೆ. ವರ್ತಕರಿಗೆ 1ರ ಸಂಜೆ, ಅಂಗಡಿ ಮುಚ್ಚುವ ಹೊತ್ತು ಒಳ್ಳೆಯದು. ಓದಲು ಕಷ್ಟಪಡುವ ಹಿರಿಯ ಸಾಹುಕಾರರಿಗೆ ಅದೇ ಮಾತನ್ನು ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಮಾಡಿ. ಹೂವು, ದೀಪ ಇರುವ ಚಿತ್ರದ ಮೇಲೆ ತಾರೀಖು ಬರೆದು ಕಳಿಸಬೇಡಿ. ಆಮೇಲೆ ಹುಡುಕಿದರೆ ಸಿಗುವುದಿಲ್ಲ.

## ಉತ್ತರ ನೋಡಿ ತಿಳಿಯುವುದು

ಬರೀ ಕೈಮುಗಿದ ಚಿತ್ರ ಬಂದರೆ ಶುಭಾಶಯ ಓದಿದ್ದಾರೆ, ತಾರೀಖು ಓದಿಲ್ಲ ಅಂತ ತಿಳಿಯಿರಿ. "ಆಯ್ತು ಸರ್, ಸೋಮವಾರ ಕಳಿಸ್ತೀನಿ" ಅಂದವರು ಓದಿದ್ದಾರೆ. "ಎಷ್ಟು ಕಟ್ಟಬೇಕು?" ಅಂತ ಕೇಳಿದವರು ಬಿಲ್ ಕೊಡುವುದನ್ನು ಮರೆತಿದ್ದಾರೆ. ಅವರಿಗೆ ಮೊತ್ತ ಹೇಳುವ ಮುಂಚೆ ಬಿಲ್ ಕೇಳಿ. "ಡೇಟ್ ಮುಂದೆ ಹೋಗೇತಂತಲ್ರೀ?" ಅಂದವರ ಬಳಿ ಫಾರ್ವರ್ಡ್ ಮೆಸೇಜ್ ಒಂದಿದೆ. ಅದನ್ನು ತರಿಸಿಕೊಂಡು ನೋಡಿ. ಅದೇ ಸುದ್ದಿ ಇನ್ನೂ ಹತ್ತು ಕ್ಲೈಂಟುಗಳ ಫೋನಿನಲ್ಲಿ ಓಡಾಡುತ್ತಿರುತ್ತದೆ.

6ನೇ ತಾರೀಖು ಮಧ್ಯಾಹ್ನ ಶೀಟ್ ತೆರೆದು ಬಿಲ್ ಬಾರದವರ ಹೆಸರಿಗೆ ಗುರುತು ಹಾಕಿ. ಅವರಿಗೆ ಇನ್ನೊಂದು ಮೆಸೇಜ್ ಬೇಡ, ಫೋನ್ ಮಾಡಿ. ಎತ್ತದಿದ್ದರೆ ಅಂಗಡಿಯ ಲೆಕ್ಕ ಬರೆಯುವ ಗುಮಾಸ್ತರಿಗೆ ಮಾಡಿ. ಬಿಲ್ ಬುಕ್ ಹೇಗೂ ಅವರ ಟೇಬಲ್ ಮೇಲೇ ಇರುತ್ತದೆ.